ಲ್ಯಾಬಿನ ಮೇಜಿನಿಂದ ಶುರು ಮಾಡು

ಮೈಸೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಚಂದ್ರು,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ರಾತ್ರಿಯೆಲ್ಲ ಮನಸ್ಸಿನಲ್ಲೇ ಇತ್ತು. ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ಸೀಟು ಸಿಕ್ಕಿ ಕಾಲೇಜಿಗೆ ಹೋಗುವಷ್ಟರಲ್ಲಿ ಮೂರನೇ ಸೆಮಿಸ್ಟರಿನ ಮೂರು ವಾರ ಕಳೆದಿತ್ತು. ಹಾಜರಿ ಪಟ್ಟಿಯ ತುದಿಯಲ್ಲಿ 400ರಿಂದ ಶುರುವಾಗುವ ನಂಬರುಗಳಲ್ಲಿ ನಿನ್ನದೊಂದು. ಉಳಿದವರೆಲ್ಲ ಗುಂಪುಗುಂಪಾಗಿ ಓದುತ್ತಾರೆ, ನಾನು ಯಾರ ಹತ್ತಿರ ಹೋಗಿ ಕೇಳಲಿ ಅಂದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಪಾಠ ಮಾಡಿಯೇ ನನ್ನ ಆಯುಷ್ಯದ ಹೆಚ್ಚು ಭಾಗ ಕಳೆದಿದ್ದೇನೆ. ನಿನ್ನಂತೆ ನಡುವೆ ಬಂದು ಸೇರಿದ ಮಕ್ಕಳನ್ನು ಪ್ರತಿ ವರ್ಷವೂ ನೋಡಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಬ್ಬ ಹುಡುಗನ ವಿಷಯ. ಅವನೂ ಲ್ಯಾಟರಲ್ ಎಂಟ್ರಿ, ಕೊನೆಯ ಬೆಂಚು, ಬಹಳ ಶ್ರದ್ಧೆ. ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ನೋಟ್ ಬುಕ್ ಹಿಡಿದು ನನ್ನ ಬಳಿ ಬಂದ. ಲ್ಯಾಪ್ಲಾಸಿನ ನಲವತ್ತಕ್ಕೂ ಹೆಚ್ಚು ಲೆಕ್ಕ ಮಾಡಿದ್ದ. ಆದರೆ ಛೇದದಲ್ಲಿ (s+2)² ಬಂದಲ್ಲೆಲ್ಲ ಭಿನ್ನರಾಶಿಯನ್ನು ಒಡೆಯುವಾಗ A/s + C/(s+2)² ಎಂದಷ್ಟೇ ಬರೆದಿದ್ದ. ನಡುವೆ B/(s+2) ಎಂಬ ಪದವೂ ಬೇಕು, ಅದನ್ನು ಎಲ್ಲ ಕಡೆ ಬಿಟ್ಟಿದ್ದ. ಏಳು ವಾರ ಒಂದೇ ತಪ್ಪು! ಪಕ್ಕದಲ್ಲಿ ಇನ್ನೊಬ್ಬರು ಕೂತು ಅದೇ ಲೆಕ್ಕ ಮಾಡಿದ್ದರೆ, ಉತ್ತರ ಹೊಂದದೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆ ನೋಟ್ ಬುಕ್ ನೆನಪಾದಾಗ ಇಂದಿಗೂ ನನಗೆ ಸಂಕಟವಾಗುತ್ತದೆ. ಅವನು ಒಂಟಿಯಾಗಿ ಕೂರುವುದನ್ನು ನಾನು ದಿನಾ ನೋಡುತ್ತಿದ್ದೆ, ಕರೆದು ಮಾತಾಡಿಸಲಿಲ್ಲ.

ಎಪ್ಪತ್ತರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬುವರು ಒಬ್ಬರೇ ಓದುವ ಇದೇ ಕಷ್ಟವನ್ನು ಹತ್ತಿರದಿಂದ ನೋಡಿದರು. ಕ್ಯಾಲ್ಕುಲಸ್‌ನಲ್ಲಿ ಸೋಲುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಸೋಮಾರಿಗಳಾಗಿರಲಿಲ್ಲ, ವಾರಕ್ಕೆ ಸುಮಾರು 8 ಗಂಟೆ ಓದುತ್ತಿದ್ದರು. ಆದರೆ ಓದೆಲ್ಲ ಒಬ್ಬೊಬ್ಬರೇ. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ಮಕ್ಕಳು ಮೊದಲು ತಾವೇ ಕೂತು ಲೆಕ್ಕ ಮಾಡುತ್ತಿದ್ದರು. ಆಮೇಲೆ ಸಂಜೆ ಒಟ್ಟಿಗೆ ಅಡುಗೆ ಮಾಡಿ ಉಂಡು, ಒಬ್ಬರ ಉತ್ತರ ಇನ್ನೊಬ್ಬರು ನೋಡುತ್ತಿದ್ದರು. ಟ್ರೈಸ್‌ಮನ್ ಮುಂದೆ ಇದೇ ಮಾದರಿಯಲ್ಲಿ ಕಷ್ಟದ ಲೆಕ್ಕಗಳ ಕೂಟಗಳನ್ನು ಕಟ್ಟಿದರು. ‘ಮೊದಲು ಒಬ್ಬರೇ, ಆಮೇಲೆ ಒಟ್ಟಿಗೆ’ ಎಂಬ ಈ ಕ್ರಮವನ್ನು ಗಮನದಲ್ಲಿಡು, ಮುಂದೆ ಬೇಕಾಗುತ್ತದೆ.

ಈಗ, ಯಾರನ್ನು ಕೇಳಬೇಕು? ಆರೇಳು ಜನ ನಗುತ್ತಾ ಕೂತಿರುವ ಗುಂಪಿಗೆ ಹೋಗಿ ‘ನನ್ನನ್ನೂ ಸೇರಿಸಿಕೊಳ್ಳಿ’ ಅನ್ನಬೇಡ. ಅಲ್ಲಿ ಹೂಂ ಅನ್ನುವ ಅಧಿಕಾರ ಯಾರೊಬ್ಬರಿಗೂ ಇರುವುದಿಲ್ಲ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅರವತ್ತು ಜನರ ವಾಟ್ಸಾಪ್ ಗ್ರೂಪಿನಲ್ಲಿ ಹಾಕುವುದೂ ಹಾಗೆಯೇ, ಉತ್ತರ ಕೊಡುವ ಹೊಣೆ ಯಾರದ್ದೂ ಅಲ್ಲ. ತರಗತಿಯ ಮೊದಲ ರ‍್ಯಾಂಕಿನವರನ್ನು ಹುಡುಕುವುದೂ ಬೇಡ. ನಿನಗೆ ಬಂದ ಸಂದೇಹವನ್ನೇ ಕ್ಲಾಸಿನಲ್ಲಿ ಎದ್ದು ಕೇಳಿದವರು ಯಾರು, ಗಂಟೆ ಹೊಡೆದ ಮೇಲೂ ಬೋರ್ಡು ನೋಡಿ ಬರೆಯುತ್ತಿರುವವರು ಯಾರು, ಅಂಥ ಒಬ್ಬರು ಸಾಕು. ಇನ್ನೊಂದು ಮಾತು: ಅನೇಕ ಕಾಲೇಜುಗಳಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಬೇರೆ ಬೇರೆ ಸೆಕ್ಷನ್ನಿನಲ್ಲಿದ್ದವರು ಮೂರನೇ ಸೆಮಿಸ್ಟರಿನಲ್ಲೇ ಒಂದಾಗುತ್ತಾರೆ. ಹಳೆಯ ಸ್ನೇಹಿತರಂತೆ ಕಾಣುವವರಲ್ಲಿ ಎಷ್ಟೋ ಜನ ಪರಸ್ಪರ ಹೊಸಬರೇ.

ಮಾತು ಶುರುವಾಗಲು ಲ್ಯಾಬಿನಷ್ಟು ಒಳ್ಳೆಯ ಜಾಗ ಇಲ್ಲ. ಅಲ್ಲಿ ಮಾತಾಡಲು ಕಾರಣ ಮೇಜಿನ ಮೇಲೆಯೇ ಇರುತ್ತದೆ, ಮತ್ತು ಅಲ್ಲಿ ನೀನು ಮೂರು ವರ್ಷ ಪಳಗಿದವನು. ನೀನೇ ಒಮ್ಮೆ ಹೇಳಿದ್ದೆಯಲ್ಲ, ಬ್ರಿಜ್ ರೆಕ್ಟಿಫೈಯರಿನ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಸಿಆರ್‌ಓದ ಎರಡು ಚಾನೆಲ್ಲಿಗೆ ಒಟ್ಟಿಗೆ ಕೊಟ್ಟರೆ ಡಯೋಡ್ ಬಿಸಿಯಾಗಿ ಸುಟ್ಟುಹೋಗುತ್ತದೆ ಎಂದು. ಎರಡೂ ಚಾನೆಲ್ಲಿನ ಗ್ರೌಂಡ್ ಒಳಗೆ ಒಂದೇ ಆದ್ದರಿಂದ ಒಂದು ಡಯೋಡ್ ಶಾರ್ಟ್ ಆಗುತ್ತದೆ, ಇನ್ನೊಂದರ ಮೇಲೆ ಟ್ರಾನ್ಸ್‌ಫಾರ್ಮರಿನ ಭಾರವೆಲ್ಲ ಬೀಳುತ್ತದೆ. ಪಿಯುಸಿಯಿಂದ ಬಂದವರಲ್ಲಿ ಹೆಚ್ಚಿನವರು ಇದನ್ನು ಕೈಯಾರೆ ಕಂಡಿರುವುದಿಲ್ಲ. ಪಕ್ಕದ ಮೇಜಿನವರು ಹಾಗೆ ಜೋಡಿಸುತ್ತಿದ್ದರೆ ‘ಒಂದು ನಿಮಿಷ, ಒಂದೊಂದೇ ನೋಡಿ’ ಅನ್ನು. ಪ್ರೋಬ್ ನೀನೇ ಕಿತ್ತುಕೊಳ್ಳಬೇಡ, ಅವರ ಕೈಯಲ್ಲೇ ಮಾಡಿಸು. ಹೆಸರು ಕೇಳು, ನಿನ್ನ ಹೆಸರು ಹೇಳು.

ಆ ದಿನವೇ, ಲ್ಯಾಬ್ ರೆಕಾರ್ಡ್ ಎತ್ತಿಟ್ಟುಕೊಳ್ಳುವಾಗ ಕೇಳಿಬಿಡು. ‘ಗುಂಪು ಮಾಡೋಣ’ ಎಂಬ ದೊಡ್ಡ ಮಾತು ಬೇಡ. ಒಂದು ದಿನ, ಒಂದು ಗಂಟೆ, ಎರಡು ಲೆಕ್ಕ ಅಷ್ಟೇ: ‘ನಾಳೆ ನಾಲ್ಕರಿಂದ ಐದರವರೆಗೆ ಲೈಬ್ರರಿಯಲ್ಲಿ ಕೂತು ಇನ್ವರ್ಸ್ ಲ್ಯಾಪ್ಲಾಸಿನ ಎರಡು ಲೆಕ್ಕ ಮಾಡೋಣ್ವಾ? ನಂಗೆ ಪಾರ್ಶಿಯಲ್ ಫ್ರ್ಯಾಕ್ಷನ್ ಸರಿಯಾಗಿ ಬರಲ್ಲ. ಮುಂದಿನ ವಾರದ ಸರ್ಕ್ಯೂಟ್ ನಾನು ತೋರಿಸ್ತೀನಿ.’ ಹೀಗೆ ಕೇಳಿದರೆ ಎದುರಿನವರಿಗೆ ತಾವು ಎಷ್ಟಕ್ಕೆ ಒಪ್ಪುತ್ತಿದ್ದೇವೆ ಎಂಬುದು ಸ್ಪಷ್ಟವಿರುತ್ತದೆ. ಯಾರೂ ಒಪ್ಪಲಾರರು ಎಂಬ ನಿನ್ನ ಲೆಕ್ಕವನ್ನು ಪೂರ್ತಿ ನಂಬಬೇಡ. ಫ್ರಾನ್ಸಿಸ್ ಫ್ಲಿನ್, ವನೆಸ್ಸಾ ಲೇಕ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರನ್ನು ನೇರವಾಗಿ ಸಹಾಯ ಕೇಳಲು ಹೊರಟವರು ಎಷ್ಟು ಜನ ಒಪ್ಪಬಹುದು ಎಂಬುದನ್ನು ಬಹಳ ಕಡಿಮೆಯಾಗಿ ಊಹಿಸಿದ್ದರು. ಎದುರಿಗೆ ನಿಂತು ಕೇಳಿದವನಿಗೆ ಇಲ್ಲ ಅನ್ನುವುದು ಎಷ್ಟು ಮುಜುಗರ ಎಂಬುದು ಕೇಳುವವನ ತಲೆಗೆ ಹೊಳೆಯುವುದಿಲ್ಲ.

ಆದರೂ ಕೆಲವರು ಒಪ್ಪುವುದಿಲ್ಲ. ‘ನಾಳೆ ಬಸ್ಸಿದೆ, ಶುಕ್ರವಾರ ಆಗುತ್ತಾ?’ ಅಂದರೆ ಅದು ಹೂಂ. ಬರೀ ‘ನೋಡೋಣ’ ಎಂದು ಎರಡು ಸಲ ಅಂದರೆ ಇಲ್ಲ ಎಂದರ್ಥ. ಮೂರನೇ ಸಲ ಕೇಳಬೇಡ, ಮುಖ ಗಂಟಿಕ್ಕಿಕೊಳ್ಳಲೂ ಬೇಡ, ಇನ್ನೊಬ್ಬರನ್ನು ಕೇಳು.

ಕೂತ ದಿನ ಮೊದಲ ಇಪ್ಪತ್ತು ನಿಮಿಷ ಮಾತಿಲ್ಲದೆ ಇಬ್ಬರೂ ಅದೇ ಲೆಕ್ಕವನ್ನು ಬೇರೆ ಬೇರೆ ಮಾಡಿ, ಆಮೇಲೆ ಪುಸ್ತಕ ಅದಲುಬದಲು ಮಾಡಿಕೊಳ್ಳಿ. 1/(s(s+2)) ತೆಗೆದುಕೊಳ್ಳಿ. ಒಡೆದರೆ ½[1/s − 1/(s+2)], ಉತ್ತರ ½(1 − e⁻²ᵗ). ಒಡೆಯುವುದನ್ನು ಅವರು ನಿನಗೆ ಹೇಳಿಕೊಡಬಹುದು. ಆದರೆ ಆ ಉತ್ತರದ ಆಕಾರ, ಮೊದಲು ಬೇಗ ಏರಿ ಆಮೇಲೆ ನಿಧಾನವಾಗಿ ಸಮವಾಗುವ ಗೆರೆ, ಕೆಪಾಸಿಟರ್ ಚಾರ್ಜ್ ಆಗುವಾಗ ನೀನು ಸಿಆರ್‌ಓ ಪರದೆಯಲ್ಲಿ ಕಂಡದ್ದೇ. ಅದನ್ನು ಬರೆದು ತೋರಿಸು.

ನಾಲ್ಕು ಜನರಿಗಿಂತ ಹೆಚ್ಚಾದರೆ ಅದು ಹರಟೆಯಾಗುತ್ತದೆ, ನಾನು ನೋಡಿದ್ದೇನೆ. ಪೆನ್ನು ಒಬ್ಬರ ಕೈಯಲ್ಲೇ ಓಡಿ ಉಳಿದವರು ನಕಲು ಮಾಡುತ್ತಿದ್ದರೆ ಆ ಕೂಟ ಕೆಟ್ಟಿತೆಂದೇ ಲೆಕ್ಕ. ನೀನು ವೈರ್ ಜೋಡಿಸುವವನು ಮಾತ್ರ ಆಗಿಬಿಡಬೇಡ, ವಾರಕ್ಕೊಂದಾದರೂ ಗಣಿತದ ಲೆಕ್ಕವನ್ನು ನೀನೇ ಬೋರ್ಡಿನ ಮೇಲೆ ಬಿಡಿಸು.

ಬುಧವಾರ ನಿನ್ನ ಲ್ಯಾಬ್ ಅಲ್ಲವೇ? ರಾತ್ರಿ ಫೋನ್ ಮಾಡು, ಯಾರ ಹೆಸರು ಕೇಳಿದೆ ಹೇಳು. ಅಮ್ಮ ಮುಂದಿನ ವಾರ ಅಲ್ಲಿಗೆ ಬರುವಾಗ ಅವಳ ಕೈಲಿ ಚಕ್ಕುಲಿ ಕಳಿಸುತ್ತೇನೆ, ನಾಲ್ವರಿಗೆ ಆಗುವಷ್ಟು.

ನಿನ್ನ
ದೊಡ್ಡಮ್ಮ