ನಾಡಕಚೇರಿಯ ಕರೆಯನ್ನು ಒಂದು ಹಾಳೆಗೆ ಇಳಿಸಿ

ತಂದೆ ತೀರಿಕೊಂಡ ಮೇಲೆ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಕೆಲಸ ಹೊರದೇಶಕ್ಕೆ ಬಂದವರಿಗೂ ತಪ್ಪುವುದಿಲ್ಲ. ಊರಿನ ಕಚೇರಿ ತೆರೆಯುವ ಬೆಳಿಗ್ಗೆ 10ಕ್ಕೆ ನ್ಯೂಯಾರ್ಕಿನಲ್ಲಿ ಬೇಸಿಗೆಯಾದರೆ ಮಧ್ಯರಾತ್ರಿ 12.30. ಹಾಗಾಗಿ ಊರಲ್ಲಿರುವ ಅಕ್ಕನೋ ತಮ್ಮನೋ ಕರೆ ಮಾಡಿ, ಅದನ್ನು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ರೆಕಾರ್ಡ್ ಮಾಡುವುದನ್ನು ಸಿಬ್ಬಂದಿಗೆ ಮೊದಲೇ ತಿಳಿಸಲು ಹೇಳಿ.

ಕರೆ ಮಾಡುವ ಮೊದಲು ಕಚೇರಿ ಯಾವುದೆಂದು ನೋಡಿಕೊಳ್ಳಿ. ಅಕ್ಕ ಶಿಕಾರಿಪುರದಲ್ಲಿದ್ದು, ಜಮೀನು ಸೊರಬ ತಾಲ್ಲೂಕಿನ ಆನವಟ್ಟಿ ಹೋಬಳಿಯಲ್ಲಿದ್ದರೆ ಕೇಳಬೇಕಾದದ್ದು ಆನವಟ್ಟಿ ನಾಡಕಚೇರಿಯನ್ನು. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಜಮೀನಿನ ಹೋಬಳಿಯೇ ಮುಖ್ಯ.

ಅಂಥ ಒಂದು ಕರೆಯಲ್ಲಿ ಹೀಗೆ ಹೇಳಿದರೆನ್ನಿ: “ಡೆತ್ ಸರ್ಟಿಫಿಕೇಟು, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ತನ್ನಿ. ಹೊರಗಿರೋರದ್ದು ಒಪ್ಪಿಗೆ ಬೇಕಾಗಬಹುದು. ಫೀಸು ಜಾಸ್ತಿ ಏನಿಲ್ಲ. ಮಧ್ಯಾಹ್ನದೊಳಗೆ ಬನ್ನಿ, ಆಮೇಲೆ ವಿಎ ನೋಡ್ತಾರೆ.”

ಒಮ್ಮೆ ಪೂರ್ತಿ ಕೇಳಿ, ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಬರೆಯಿರಿ. ಮೇಲೆ ದಿನಾಂಕ, ಕಚೇರಿ, ಮಾತಾಡಿದವರ ಹುದ್ದೆ ಇರಲಿ. ಕೆಳಗೆ ಹೀಗೆ ವಿಂಗಡಿಸಿ:

ದಾಖಲೆ: ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್. ಒಪ್ಪಿಗೆ ಪತ್ರ: “ಬೇಕಾಗಬಹುದು” ಎಂದಿದ್ದಾರೆ, ಖಚಿತವಿಲ್ಲ.
ಶುಲ್ಕ: ಮೊತ್ತ ಹೇಳಿಲ್ಲ. ಅರ್ಜಿ ಶುಲ್ಕ ಎಷ್ಟು, ಛಾಪಾ ಕಾಗದ ಮತ್ತು ನೋಟರಿ ಖರ್ಚು ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಬೇಕು.
ಸಮಯ: ಮಧ್ಯಾಹ್ನದೊಳಗೆ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ.
ಮುಂದಿನ ಹೆಜ್ಜೆ: ಅಕ್ಕ ಅರ್ಜಿ ಕೊಡುವುದು. ನಂತರ ಗ್ರಾಮ ಆಡಳಿತಾಧಿಕಾರಿಯ ಪರಿಶೀಲನೆ, ದಿನ ಹೇಳಿಲ್ಲ.

ಎಡವುವುದು ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ. “ಬೇಕಾಗಬಹುದು” ಎಂದದ್ದನ್ನು “ಬೇಕು” ಎಂದು ಬರೆದರೆ ಕಾನ್ಸುಲೇಟಿಗೆ ಸುಮ್ಮನೆ ಅಲೆದಾಟ. ಬಿಟ್ಟೇಬಿಟ್ಟರೆ ಅರ್ಜಿ ಅಲ್ಲೇ ನಿಂತೀತು. ಬರಿ ಒಪ್ಪಿಗೆ ಪತ್ರ ಸಾಕೇ, ಅಧಿಕಾರ ಪತ್ರ, ಅಂದರೆ ಜಿಪಿಎ ಬೇಕೇ ಎಂದು ಮತ್ತೆ ಕೇಳಿಸಿ. ಹೊರದೇಶದಲ್ಲಿ ಸಹಿಯಾದ ಜಿಪಿಎಗೆ ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವನ್ನು ಕಂದಾಯ ಸಿಬ್ಬಂದಿ ಫೋನಿನಲ್ಲಿ ಹೇಳದೆ ಇರಬಹುದು, ಹಾಳೆಯಲ್ಲಿ ನೀವೇ ಬೇರೆಯಾಗಿ ಗುರುತು ಹಾಕಿ.

ಎರಡನೆಯದು, “ಎಲ್ಲರ” ಎಂಬ ಮಾತು. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ತಾಯಿಯೂ ವಾರಸುದಾರರೇ. ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರು ಬರೆದು, ಯಾರ ಆಧಾರ್ ಸಿಕ್ಕಿದೆ ಎಂದು ಟಿಕ್ ಹಾಕಿ. ವಂಶವೃಕ್ಷದಲ್ಲಿ ಒಂದು ಹೆಸರು ಬಿಟ್ಟರೂ ತಕರಾರು ಬರಬಹುದು. ತಕರಾರಾದ ಪ್ರಕರಣ ತಹಶೀಲ್ದಾರರ ಮುಂದೆ ಹೋಗುತ್ತದೆ.

ಉತ್ತರ ಸಿಗದ ಪ್ರಶ್ನೆಗಳನ್ನು ಹಾಳೆಯ ಕೊನೆಗೆ ಬರೆದು, ಎರಡನೇ ಕರೆಯಲ್ಲಿ ಅವಷ್ಟನ್ನೇ ಕೇಳಿಸಿ. ಫೋನಿನಲ್ಲಿ ಹೇಳಿದ ಮಾತು ಕಚೇರಿಯನ್ನು ಕಟ್ಟಿಹಾಕುವುದಿಲ್ಲ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆದು, ಅದರ ಸಂಖ್ಯೆಯನ್ನು ಇದೇ ಹಾಳೆಯಲ್ಲಿ ಬರೆದು ಒಡಹುಟ್ಟಿದವರೆಲ್ಲರಿಗೂ ಕಳಿಸಿ.