ವಿದ್ಯುತ್ ವಾಹನದ ಬ್ಯಾಟರಿ: ಎಂಟು ವರ್ಷಗಳ ವಾರಂಟಿಯ ನಿಜವಾದ ವ್ಯಾಪ್ತಿ

ಬೆಂಗಳೂರಿನ ಏಥರ್ ಎನರ್ಜಿ ಸಂಸ್ಥೆಯು 2024ರಲ್ಲಿ ‘ಎಯ್ಟ್ ಸೆವೆಂಟಿ’ ಎಂಬ ಹೆಚ್ಚುವರಿ ವಾರಂಟಿಯನ್ನು ತನ್ನ ಸ್ಕೂಟರುಗಳಿಗೆ ಪ್ರಕಟಿಸಿತು. ಪ್ರತ್ಯೇಕ ಹಣ ತೆತ್ತು ಪಡೆಯಬೇಕಾದ ಈ ವಾರಂಟಿಯ ಅವಧಿ ಎಂಟು ವರ್ಷ ಅಥವಾ 80,000 ಕಿ.ಮೀ. ಈ ಅವಧಿಯಲ್ಲಿ ಬ್ಯಾಟರಿಯ ಆರೋಗ್ಯವು ಶೇ. 70ಕ್ಕಿಂತ ಕೆಳಗಿಳಿಯುವುದಿಲ್ಲವೆಂಬ ಭರವಸೆಯೂ ಅದರಲ್ಲಿದೆ. ಇಂತಹ ಪತ್ರದಲ್ಲಿ ವರ್ತಕರು ಮೊದಲು ಗಮನಿಸಬೇಕಾದ ಪದ ‘ಅಥವಾ’. ವರ್ಷ ಮತ್ತು ಕಿಲೋಮೀಟರುಗಳಲ್ಲಿ ಯಾವುದು ಮೊದಲು ತುಂಬುವುದೋ ಅಲ್ಲಿಗೆ ವಾರಂಟಿ ಮುಗಿಯುತ್ತದೆ.

ಯರಗೇರಾದ ವರ್ತಕರೊಬ್ಬರು ವಸೂಲಿಗಾಗಿ ದಿನಕ್ಕೊಮ್ಮೆ ರಾಯಚೂರಿಗೆ ಹೋಗಿಬರುತ್ತಾರೆಂದು ಭಾವಿಸೋಣ. ಊರೊಳಗಿನ ಓಡಾಟವೂ ಸೇರಿ ದಿನಕ್ಕೆ 40 ಕಿ.ಮೀ., ವರ್ಷಕ್ಕೆ 300 ದಿನವೆಂದರೆ 12,000 ಕಿ.ಮೀ. ಆಗುತ್ತದೆ. ಅವರ 80,000 ಕಿ.ಮೀ. ಆರು ವರ್ಷ ಎಂಟು ತಿಂಗಳಿಗೇ ಮುಗಿಯುತ್ತದೆ. ದಿನಕ್ಕೆರಡು ಸಲ ಹೋಗಿಬರುವವರಿಗೆ ಅದು ಮೂರು ವರ್ಷ ನಾಲ್ಕು ತಿಂಗಳ ವಾರಂಟಿ ಮಾತ್ರ!

ಎರಡನೆಯದು ಶೇ. 70ರ ಗೆರೆ. ಲಿಥಿಯಂ ಅಯಾನ್ ಕೋಶದೊಳಗೆ ಕಾಲಕ್ರಮೇಣ ಒಂದು ತೆಳುಪದರ ಬೆಳೆದು, ಉಪಯೋಗಕ್ಕೆ ಬರಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಇಳಿಕೆ ಆರಂಭದಲ್ಲಿ ತುಸು ವೇಗ, ಅನಂತರ ನಿಧಾನ. ತಾಪ ಹೆಚ್ಚಿದಷ್ಟೂ ಪದರ ಬೇಗ ಬೆಳೆಯುತ್ತದೆ. ಹೀಗಾಗಿ ರಾಯಚೂರಿನ ಬೇಸಿಗೆಯಲ್ಲಿ ಪೂರ್ಣ ಚಾರ್ಜ್ ಮಾಡಿದ ವಾಹನವನ್ನು ಬಿಸಿಲಿಗೆ ನಿಲ್ಲಿಸುವುದು, ಅದನ್ನು ಓಡಿಸದಿದ್ದರೂ, ನಷ್ಟವೇ. ಹೊಸತರಲ್ಲಿ 100 ಕಿ.ಮೀ. ಓಡುತ್ತಿದ್ದ ವಾಹನ ಐದನೆಯ ವರ್ಷ 72 ಕಿ.ಮೀ. ಓಡಿದರೆ ಮಾಲೀಕನಿಗೆ ನಷ್ಟ ಕಣ್ಣಿಗೆ ಕಾಣುತ್ತದೆ. ಆದರೆ ಆರೋಗ್ಯವೂ ಶೇ. 72 ಇದ್ದರೆ ಕ್ಲೇಮು ಹುಟ್ಟುವುದಿಲ್ಲ. ಈ ಶೇ. 28ರ ಸವಕಳಿ ಮಾಲೀಕನ ಪಾಲಿನದು.

ಇನ್ನು ಪುರಾವೆಯ ಪ್ರಶ್ನೆ. ಫಲಕದ ಮೇಲೆ ಕಾಣುವ ಶೇಕಡಾ ಆ ಹೊತ್ತಿನ ಚಾರ್ಜೇ ಹೊರತು ಆರೋಗ್ಯವಲ್ಲ. ಆರೋಗ್ಯವನ್ನು ಸಾಮಾನ್ಯವಾಗಿ ಕಂಪನಿಯ ಸೇವಾಕೇಂದ್ರವೇ ಅಳೆಯುತ್ತದೆ. ಆದ್ದರಿಂದ ಕೊಂಡ ಮೊದಲ ತಿಂಗಳಲ್ಲೇ ಒಂದೇ ರಸ್ತೆ, ಒಂದೇ ಹೊರೆ, ಸರಿಯಾದ ಗಾಳಿಯೊತ್ತಡದೊಂದಿಗೆ ಶೇ. 100ರಿಂದ 20ರವರೆಗೆ ಓಡಿದ ದೂರವನ್ನು ಬರೆದಿಟ್ಟು, ಪ್ರತಿವರ್ಷ ಅದೇ ತಿಂಗಳಲ್ಲಿ ಹೋಲಿಸಬೇಕು. ಇದು ತೀರ್ಪಲ್ಲ, ಪರೀಕ್ಷೆಗೆ ಒತ್ತಾಯಿಸಲು ಆಧಾರ. ಸೇವಾಕೇಂದ್ರದ ಪರೀಕ್ಷಾ ವರದಿಯನ್ನು ಲಿಖಿತವಾಗಿಯೇ ಪಡೆಯತಕ್ಕದ್ದು.

ದೂರ ಮೆಲ್ಲಗೆ ಇಳಿಯದೆ, ಶೇ. 30 ತೋರಿಸುತ್ತಿದ್ದ ವಾಹನ ಒಮ್ಮೆಲೇ ನಿಂತರೆ ಅದು ಸವಕಳಿಗಿಂತ ಬೇರೆ ಸಂಗತಿ. ಕೆಲವು ಕೋಶಗಳು ದುರ್ಬಲವಾಗಿರುವ ಸಂಭವವಿದೆ. ತಯಾರಿಕಾ ದೋಷವೆಂದು ಕಂಡುಬಂದರೆ ಶೇ. 70ರ ಗೆರೆಯವರೆಗೆ ಕಾಯಬೇಕಿಲ್ಲ. ಆದರೆ ಆ ಮೊದಲು ಹೊರಗಿನ ಮೆಕ್ಯಾನಿಕ್‌ನಿಂದ ಪ್ಯಾಕ್ ಬಿಚ್ಚಿಸಿದ್ದರೆ ಕ್ಲೇಮು ನಿಲ್ಲುವುದು ಕಷ್ಟ.

ಖರೀದಿಗೆ ಮುನ್ನ ಮೂರು ಷರತ್ತುಗಳನ್ನು ಪತ್ರದಲ್ಲಿ ಹುಡುಕಬೇಕು: ವಾಣಿಜ್ಯ ಬಳಕೆಗೆ ವಾರಂಟಿ ಅನ್ವಯಿಸುವುದೇ, ವಾಹನ ಮಾರಿದರೆ ಅದು ಕೊಂಡವನಿಗೆ ವರ್ಗವಾಗುವುದೇ, ಬದಲಿ ಪ್ಯಾಕ್ ಹೊಸದೋ ದುರಸ್ತಿಯಾದದ್ದೋ. ಬದಲಿ ಪ್ಯಾಕಿಗೆ ಹೊಸ ಎಂಟು ವರ್ಷ ಆರಂಭವಾಗುವುದೆಂದು ಬಹುತೇಕರು ತಿಳಿಯುತ್ತಾರೆ; ಸಾಮಾನ್ಯವಾಗಿ ದೊರೆಯುವುದು ಮೂಲ ಅವಧಿಯ ಉಳಿಕೆ ಮಾತ್ರ.