‘ಆಕ್ಟಿವ್’ ಅಂತ ಇದ್ರೆ ದುಡ್ಡು ಬರುತ್ತಾ? ಒಂದು ಇನ್ಶೂರೆನ್ಸ್ ಸ್ಕ್ರೀನ್‌ಶಾಟ್ ಓದುವ ಪಾಠ

2025ರ ಸೆಪ್ಟೆಂಬರ್ 18ರ ಸಂಜೆ ನಮ್ಮ ರೂಮ್‌ಮೇಟ್ ಫೋನಿಗೆ ಊರಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಅವರ ತಂದೆಗೆ ಪಿತ್ತಕೋಶದಲ್ಲಿ ಕಲ್ಲು. ಹೊಟ್ಟೆನೋವು ತಡೆಯಲಾಗದೆ ಅಂದೇ ಅಡ್ಮಿಟ್ ಮಾಡಿದ್ದರು. ಆಪರೇಷನ್‌ಗೆ ಸುಮಾರು 1,20,000 ರೂಪಾಯಿ ಅಂತ ಆಸ್ಪತ್ರೆಯವರು ಅಂದಾಜು ಕೊಟ್ಟಿದ್ದರು. ಕೆಳಗೆ ಅಮ್ಮನ ಒಂದೇ ಸಾಲು: “ಇದರಲ್ಲಿ ಏನಿದೆ ನೋಡಿ ಹೇಳಪ್ಪ, ದುಡ್ಡು ಹೊಂದಿಸಬೇಕಾ?”

ಆ ಸ್ಕ್ರೀನ್‌ಶಾಟ್‌ನಲ್ಲಿ ಇದ್ದದ್ದು ಇಷ್ಟು:

```
Policy Status   : Active
Policy Period   : 10-06-2025 to 09-06-2026
Cover Type      : Family Floater
Sum Insured     : ₹5,00,000
Balance SI      : ₹4,60,000
Waiting Period  : 24 months - Specific illness
Claim Stage     : Query Raised
```

ನಾವು ನಾಲ್ಕು ಜನ ಸೇರಿ ಓದಿದೆವು. ಒಬ್ಬ “ಆಕ್ಟಿವ್ ಅಂತ ಇದೆಯಲ್ಲ, ಟೆನ್ಷನ್ ಬೇಡ” ಅಂದ. ಇನ್ನೊಬ್ಬ “ಲೋ, ಪಾಲಿಸಿ ಶುರುವಾಗಿ ಮೂರೇ ತಿಂಗಳು. 24 ತಿಂಗಳು ಕಾಯಬೇಕು ಅಂತಿದೆ. ಒಂದು ಪೈಸೆನೂ ಬರಲ್ಲ” ಅಂದ. ಇಬ್ಬರೂ ತಪ್ಪು ಓದಿದ್ದರು. ಅದು ಹೇಗೆ ಅಂತ ಸಾಲು ಸಾಲಾಗಿ ನೋಡೋಣ.

ಸ್ಟೇಟಸ್ ಹೇಳೋದು ಎಷ್ಟು?

ಆಕ್ಟಿವ್ ಅಂದರೆ ಪ್ರೀಮಿಯಂ ಕಟ್ಟಿದೆ, ಪಾಲಿಸಿ ಇವತ್ತು ಜಾರಿಯಲ್ಲಿದೆ, ಅಷ್ಟೇ. ಈ ಕಾಯಿಲೆಗೆ ಹಣ ಸಿಗುತ್ತದೆ ಅಂತ ಅದು ಹೇಳುವುದಿಲ್ಲ. ಸಿಮ್ ಆಕ್ಟಿವ್ ಇದ್ದ ಮಾತ್ರಕ್ಕೆ ಎಲ್ಲ ದೇಶಕ್ಕೂ ಕಾಲ್ ಹೋಗುತ್ತದೆ ಅಂತೇನೂ ಇಲ್ಲವಲ್ಲ, ಹಾಗೆ.

ಕಾಯಿಲೆಗೆ ಹಣ ಸಿಗುತ್ತದಾ ಅನ್ನೋದನ್ನು ತೀರ್ಮಾನಿಸುವುದು ಕಾಯುವ ಅವಧಿ, ಅಂದರೆ ವೇಟಿಂಗ್ ಪೀರಿಯಡ್. ನಮ್ಮ ಗೊಂದಲ ಹುಟ್ಟಿದ್ದೂ ಅಲ್ಲೇ.

ಒಂದೇ ಪಾಲಿಸಿ, ಮೂರು ಗಡಿಯಾರ

ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಮೂರು ಕಾಯುವ ಅವಧಿ ಇರುತ್ತವೆ. ಮೊದಲನೆಯದು, ಪಾಲಿಸಿ ತೆಗೆದುಕೊಂಡ ಆರಂಭದ 30 ದಿನ. ಆಗ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕ್ಲೇಮ್ ಇಲ್ಲ. ಎರಡನೆಯದು, ಪಟ್ಟಿ ಮಾಡಿದ ಕೆಲವು ಕಾಯಿಲೆಗಳಿಗೆ. ಹರ್ನಿಯಾ, ಕಣ್ಣಿನ ಪೊರೆ, ಪಿತ್ತಕೋಶದ ಕಲ್ಲು ಇಂಥವು ಈ ಪಟ್ಟಿಯಲ್ಲಿ ಇರುತ್ತವೆ. ಅವಧಿ ಬಹಳ ಪಾಲಿಸಿಗಳಲ್ಲಿ 24 ತಿಂಗಳು. ಮೂರನೆಯದು, ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ. 2024ರಲ್ಲಿ ಬಂದ ಐಆರ್‌ಡಿಎಐ ನಿಯಮದ ಪ್ರಕಾರ ಇದು 36 ತಿಂಗಳು ಮೀರುವಂತಿಲ್ಲ.

ಈ ಗಡಿಯಾರಗಳು ಶುರುವಾಗುವುದು ಯಾವ ದಿನದಿಂದ? ಸ್ಕ್ರೀನ್‌ಶಾಟ್‌ನಲ್ಲಿ ಕಾಣುವ 10-06-2025 ಈ ವರ್ಷದ ರಿನ್ಯೂವಲ್ ದಿನಾಂಕ ಮಾತ್ರ. ಲೆಕ್ಕಕ್ಕೆ ಬೇಕಾದದ್ದು ಪಾಲಿಸಿ ಮೊಟ್ಟಮೊದಲು ತೆಗೆದುಕೊಂಡ ದಿನ. ಅದು ಆ್ಯಪ್‌ನ ಮೊದಲ ಪುಟದಲ್ಲಿ ಇರಲಿಲ್ಲ. ಪಾಲಿಸಿ ಶೆಡ್ಯೂಲ್ ಪಿಡಿಎಫ್ ತರಿಸಿಕೊಂಡು ನೋಡಿದೆವು: `First Inception Date : 10-06-2023`. ನಡುವೆ ಒಂದು ವರ್ಷವೂ ತಪ್ಪದೆ ರಿನ್ಯೂ ಮಾಡಿದ್ದರು. ಹಾಗಾಗಿ 24 ತಿಂಗಳು 09-06-2025ಕ್ಕೇ ಮುಗಿದಿತ್ತು. ಅಡ್ಮಿಟ್ ಆದದ್ದು ಸೆಪ್ಟೆಂಬರ್‌ನಲ್ಲಿ. ಎರಡನೇ ಗಡಿಯಾರ ದಾಟಿ ಮೂರು ತಿಂಗಳಾಗಿತ್ತು.

ರಿನ್ಯೂವಲ್ ಒಂದೆರಡು ವಾರ ತಡವಾಗಿದ್ದರೆ? ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟುವ ಪಾಲಿಸಿಗೆ 30 ದಿನ ಗ್ರೇಸ್ ಇರುತ್ತದೆ. ಅಷ್ಟರೊಳಗೆ ಕಟ್ಟಿದರೆ ಹಳೆಯ ಲೆಕ್ಕ ಮುಂದುವರಿಯುತ್ತದೆ. ಅದು ದಾಟಿ ಹೊಸ ಪಾಲಿಸಿ ತೆಗೆದುಕೊಂಡರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ಐದು ಲಕ್ಷ, ಆದರೆ ಪೂರ್ತಿ ಐದಲ್ಲ

ಶೆಡ್ಯೂಲ್‌ನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಮೊದಲ ಎರಡು ವರ್ಷ ವಿಮಾ ಮೊತ್ತ 3 ಲಕ್ಷ ಇತ್ತು. ಈ ವರ್ಷದ ರಿನ್ಯೂವಲ್‌ನಲ್ಲಿ 5 ಲಕ್ಷಕ್ಕೆ ಏರಿಸಿದ್ದರು. ಹೀಗೆ ಏರಿಸಿದಾಗ, ಹೆಚ್ಚಿಸಿದ 2 ಲಕ್ಷಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ. ಅಂದರೆ ಪಿತ್ತಕೋಶದ ಕಲ್ಲಿಗೆ ಸದ್ಯ ಲೆಕ್ಕಕ್ಕೆ ಬರುವುದು ಹಳೆಯ 3 ಲಕ್ಷ ಮಾತ್ರ. ಸ್ಕ್ರೀನ್ ಇದನ್ನು ಬಿಡಿಸಿ ತೋರಿಸುವುದಿಲ್ಲ, 5,00,000 ಅಂತ ಒಂದೇ ಅಂಕಿ ಕೊಡುತ್ತದೆ.

ಇನ್ನು ಫ್ಯಾಮಿಲಿ ಫ್ಲೋಟರ್ ಅಂದರೆ ಮನೆಮಂದಿಗೆಲ್ಲ ಸೇರಿ ಒಂದೇ ಡಬ್ಬಿ. ಜುಲೈನಲ್ಲಿ ಅಮ್ಮನ ಡೆಂಗಿಗೆ 40,000 ಹೋಗಿತ್ತು. ಅದಕ್ಕೇ ಬಾಕಿ 4,60,000. ಆ ಹಣವನ್ನು ಹಳೆಯ 3 ಲಕ್ಷದಿಂದಲೇ ಕಳೆದರು ಅಂದುಕೊಂಡರೂ 2,60,000 ಉಳಿಯುತ್ತದೆ. ಬೇಕಿದ್ದದ್ದು 1,20,000. ಇಲ್ಲೂ ತೊಂದರೆ ಇರಲಿಲ್ಲ.

ಹಾಗಾದರೆ ತಡೆ ಎಲ್ಲಿ?

ಕೊನೆಯ ಸಾಲಿನಲ್ಲಿ. `Query Raised` ಅಂದರೆ ತಿರಸ್ಕಾರ ಅಲ್ಲ. ವಿಮಾ ಕಂಪನಿಯವರು ಅಥವಾ ಅವರ ಪರವಾಗಿ ಕೆಲಸ ಮಾಡುವ ಟಿಪಿಎಯವರು ಏನೋ ಕೇಳಿದ್ದಾರೆ, ಉತ್ತರಕ್ಕೆ ಕಾಯುತ್ತಿದ್ದಾರೆ ಅಂತ. ಏನು ಕೇಳಿದ್ದಾರೆ ಅನ್ನೋದು ಆ ಸಾಲಿನ ಮೇಲೆ ಒತ್ತಿದರೆ ಕಾಣಬಹುದು. ಇಲ್ಲದಿದ್ದರೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೇಳಬೇಕು.

ಕೇಳಿದ್ದು ಇಷ್ಟೇ: ಕಲ್ಲು ಮೊದಲು ಪತ್ತೆಯಾದದ್ದು ಯಾವಾಗ? ಯಾಕೆ ಅಂದರೆ ಅಡ್ಮಿಷನ್ ಚೀಟಿಯಲ್ಲಿ ಡ್ಯೂಟಿ ಡಾಕ್ಟರ್ ‘ಪಿತ್ತಕೋಶದ ಕಲ್ಲು, 3 ವರ್ಷದಿಂದ’ ಅಂತ ಬರೆದಿದ್ದರು. ಮೂರು ವರ್ಷ ಹಿಂದೆ ಅಂದರೆ 2022ರ ಸೆಪ್ಟೆಂಬರ್. ಆಗ ಪಾಲಿಸಿಯೇ ಇರಲಿಲ್ಲ. ಅದು ನಿಜವಾದರೆ ಇದು ಮೊದಲೇ ಇದ್ದ ಕಾಯಿಲೆ ಆಗುತ್ತದೆ. ಆಗ 36 ತಿಂಗಳ ಗಡಿಯಾರ ಅನ್ವಯಿಸುತ್ತದೆ, ಅದು ಮುಗಿಯುವುದು 09-06-2026ಕ್ಕೆ. ಆ ಒಂದು ಪದದ ಮೇಲೆ 1,20,000 ನಿಂತಿತ್ತು.

ರೂಮ್‌ಮೇಟ್ ಮನೆಗೆ ಫೋನ್ ಮಾಡಿದ. “ಅಪ್ಪಾ, ಕಲ್ಲು ಇದೆ ಅಂತ ನಿಮಗೆ ಗೊತ್ತಾಗಿದ್ದು ಯಾವಾಗ?” ಆ ಕಡೆಯಿಂದ ಸಣ್ಣ ದನಿ: “ಜೂನ್ ಕೊನೆಗೆ ಸ್ಕ್ಯಾನ್ ಮಾಡಿಸಿದ್ದೆವಲ್ಲೋ, ಆಗಲೇ. ಡಾಕ್ಟರಿಗೂ ಮೂರು ತಿಂಗಳು ಅಂತಾನೇ ಹೇಳಿದ್ದೆ.” ತಿಂಗಳು ಹೋಗಿ ವರ್ಷ ಆಗಿತ್ತು.

ಇಲ್ಲಿ ಮಾಡಬೇಕಾದ ಕೆಲಸ ಎರಡು. ಜೂನ್‌ನ ಸ್ಕ್ಯಾನ್ ರಿಪೋರ್ಟು ಮತ್ತು ಆಗಿನ ಮೊದಲ ಒಪಿಡಿ ಚೀಟಿ ಹುಡುಕಿ ಕೊಡಬೇಕು. ಚಿಕಿತ್ಸೆ ಕೊಡುತ್ತಿರುವ ಡಾಕ್ಟರರಿಂದ ಸಹಿ, ಮೊಹರು ಇರುವ ಸ್ಪಷ್ಟೀಕರಣ ಪತ್ರ ಬರೆಸಬೇಕು. ಹಳೆಯ ಚೀಟಿಯನ್ನು ತಿದ್ದಿದರೆ ಅನುಮಾನ ಹೆಚ್ಚಾಗುತ್ತದೆ. ಮತ್ತೆ, ನಿಜವಾಗಿಯೂ ಮೂರು ವರ್ಷದ ಕಾಯಿಲೆ ಆಗಿದ್ದರೆ ಮೂರು ತಿಂಗಳು ಅಂತ ಬರೆಸುವುದು ಮೋಸ. ಅದಕ್ಕೆ ಪಾಲಿಸಿಯೇ ರದ್ದಾಗಬಹುದು.

ಆಮೇಲೆ ಬಂದ ಸಾಲುಗಳು

ಮರುದಿನ ಬೆಳಿಗ್ಗೆ ಕಾಗದ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಸ್ಟೇಜ್ ಬದಲಾಯಿತು: `Initial Approval : ₹60,000`. ಅಮ್ಮ ಮತ್ತೆ ಗಾಬರಿ, “ಅರ್ಧಾನೇ ಕೊಟ್ಟಿದ್ದಾರೆ!” ಅಂತ. ಅದು ಮೊದಲ ಕಂತಿನ ಒಪ್ಪಿಗೆ ಮಾತ್ರ. ಪೂರ್ತಿ ಬಿಲ್ ಹೋದ ಮೇಲೆ ಕೊನೆಯ ಒಪ್ಪಿಗೆ ಬರುತ್ತದೆ. ಡಿಸ್ಚಾರ್ಜ್‌ಗೆ ಆಸ್ಪತ್ರೆ ಕಳಿಸಿದ ಕೋರಿಕೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ಐಆರ್‌ಡಿಎಐ ನಿಯಮವಿದೆ. ಕೊನೆಗೆ ಬಿಲ್ 1,17,000, ಮಂಜೂರಾದದ್ದು 1,08,500. ಗ್ಲೌಸು, ಫೈಲ್ ಚಾರ್ಜು, ಜೊತೆಗಿದ್ದವರ ಊಟ ಇಂಥ 8,500 ರೂಪಾಯಿ ಮನೆಯಿಂದ ಕಟ್ಟಿದರು.

ಒಂದು ವೇಳೆ `Cashless Denied` ಅಂತ ಬಂದಿದ್ದರೂ ಕಥೆ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಅದು ಆಸ್ಪತ್ರೆಗೆ ನೇರವಾಗಿ ಹಣ ಕೊಡಲು ಆಗುವುದಿಲ್ಲ ಅಂತ ಹೇಳುತ್ತದೆ. ನಾವೇ ಕಟ್ಟಿ, ಮೂಲ ಬಿಲ್ಲು ಮತ್ತು ರಿಪೋರ್ಟುಗಳ ಜೊತೆ ಮರುಪಾವತಿಗೆ ಅರ್ಜಿ ಹಾಕಬಹುದು. ಅದೂ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆದು ಮೊದಲು ಕಂಪನಿಯ ದೂರು ವಿಭಾಗಕ್ಕೆ, ನಂತರ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲೇ ಇದೆ.

ಅವತ್ತು ನಮ್ಮನ್ನು ಕಾಪಾಡಿದ್ದು ಸ್ಕ್ರೀನ್‌ಶಾಟ್‌ನಲ್ಲಿ ಇಲ್ಲದ ಒಂದು ದಿನಾಂಕ, ಜೂನ್ ತಿಂಗಳ ಒಂದು ಚೀಟಿ. ಈ ಸಲ ಊರಿಗೆ ಹೋದಾಗ ಮನೆಯ ಪಾಲಿಸಿ ಶೆಡ್ಯೂಲ್ ತೆಗೆದು ಎರಡು ವಿಷಯ ಬರೆದಿಟ್ಟುಕೊಳ್ಳಿ: ಮೊದಲು ಯಾವಾಗ ತೆಗೆದುಕೊಂಡದ್ದು, ಮೊತ್ತ ಯಾವ ವರ್ಷ ಏರಿಸಿದ್ದು. ನಮ್ಮ ನಾಲ್ವರ ಫೋನಿನಲ್ಲೂ ಈಗ ಅದು ಇದೆ.